ಶೇಕಡಾ ಸಂಯೋಜನೆಯಿಂದ ಅಣುಸೂತ್ರ: ಯಾವ ದಾರಿ?

ಆಸ್ಕಾರ್ಬಿಕ್ ಆಮ್ಲದಲ್ಲಿ ಕಾರ್ಬನ್ 40.92%, ಹೈಡ್ರೋಜನ್ 4.58%, ಆಕ್ಸಿಜನ್ 54.50% ಇದ್ದು, ಅದರ ಮೋಲಾರ್ ರಾಶಿ 176.12 ಗ್ರಾಂ ಎಂದು ಗೊತ್ತಿದ್ದರೆ, ಅಣುಸೂತ್ರಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಪರಮಾಣುಗಳ ಅತಿ ಸರಳ ಪೂರ್ಣಾಂಕ ಅನುಪಾತವನ್ನು ತೋರಿಸುವ ಎಂಪಿರಿಕಲ್ ಸೂತ್ರದ ಮೂಲಕ ಸಾಗುತ್ತದೆ. 100 ಗ್ರಾಂ ವಸ್ತುವಿನಲ್ಲಿರುವ ಪ್ರತಿ ಧಾತುವಿನ ತೂಕವನ್ನು ಅದರ ಪರಮಾಣು ರಾಶಿಯಿಂದ ಭಾಗಿಸಿದರೆ 3.407, 4.544, 3.406 ಮೋಲ್ ಸಿಗುತ್ತವೆ. ಇವನ್ನು ಅತಿ ಚಿಕ್ಕದರಿಂದ ಭಾಗಿಸಿದಾಗ ಅನುಪಾತ 1 : 1.33 : 1 ಆಗುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 1.33 ಅನ್ನು 1 ಎಂದು ಬರೆದರೆ CHO ಎಂಬ ತಪ್ಪು ಸೂತ್ರ ಬರುತ್ತದೆ. ಅದು ಮೂರನೇ ಒಂದರ ಗುರುತಾದ್ದರಿಂದ ಎಲ್ಲವನ್ನೂ 3ರಿಂದ ಗುಣಿಸಬೇಕು. ಆಗ C₃H₄O₃, ಅಂದರೆ 88.06 ಗ್ರಾಂ. 176.12 ಅದರ ಎರಡರಷ್ಟಾದ್ದರಿಂದ ಅಣುಸೂತ್ರ C₆H₈O₆.

ಎರಡನೆಯದು ನೇರ ದಾರಿ: 176.12ರ 40.92% ಎಂದರೆ 72.07 ಗ್ರಾಂ, ಅದನ್ನು 12.01ರಿಂದ ಭಾಗಿಸಿದರೆ 6 ಕಾರ್ಬನ್. ಹಾಗೆಯೇ 8 ಹೈಡ್ರೋಜನ್, 6 ಆಕ್ಸಿಜನ್. ಇಲ್ಲಿ ಭಿನ್ನರಾಶಿಯ ತೊಡಕಿಲ್ಲ.

ಆದರೆ ಪ್ರಯೋಗದಲ್ಲಿ ಮೋಲಾರ್ ರಾಶಿ 168 ಎಂದು ಅಂದಾಜಾಗಿ ಸಿಕ್ಕಿದ್ದರೆ, ನೇರ ದಾರಿ 5.72, 7.63, 5.72 ಎಂಬ ಅರ್ಥವಾಗದ ಸಂಖ್ಯೆಗಳನ್ನು ಕೊಡುತ್ತದೆ. ಮೊದಲ ದಾರಿಯಲ್ಲಾದರೋ 168 ÷ 88.06 ಎಂದರೆ 1.91, ಅದನ್ನು ನಿಸ್ಸಂಶಯವಾಗಿ 2 ಎಂದು ಓದಬಹುದು. ಮೋಲಾರ್ ರಾಶಿ ನಿಖರವಾಗಿದ್ದರೆ ಮಾತ್ರ ನಾನು ನೇರ ದಾರಿಯನ್ನು ಆರಿಸುತ್ತೇನೆ.