ಬೀಗರೂಟದ ಎಲೆ ಹಾಕುವ ಮೊದಲೇ ಕುಡಿಯಲು ಕೂರುವವರು ದಯವಿಟ್ಟು ಇದನ್ನು ಓದಿ

ನಮ್ಮ ಮಂಡ್ಯ ಕಡೆಯ ಬೀಗರೂಟ ಗೊತ್ತಲ್ವಾ? ಕರೆಯುವುದು ಹನ್ನೆರಡಕ್ಕೆ, ಎಲೆ ಹಾಕುವುದು ಮೂರಕ್ಕೆ. ಆ ಮೂರು ಗಂಟೆ ಗಂಡಸರೆಲ್ಲ ತೋಟದ ಕಡೆ ಇರುತ್ತಾರೆ. ಈ ಸಲ ಅಲ್ಲಿಂದ ನಮ್ಮ ಚಿಕ್ಕಪ್ಪನ ಮಗನನ್ನು ಎತ್ತಿಕೊಂಡು ಬರಬೇಕಾಯಿತು.

ಅವನು ಸಣಕಲು ಹುಡುಗ, 55 ಕೆಜಿ ಇರಬಹುದು. ಕುಡಿಯುವುದೂ ಅಪರೂಪ. ಬೆಳಿಗ್ಗೆಯಿಂದ ಶಾಮಿಯಾನ, ನೀರಿನ ಕ್ಯಾನು ಅಂತ ಓಡಾಡಿ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಅಡುಗೆ ಆಗುವಷ್ಟರಲ್ಲಿ ಮುಗಿಸಿಬಿಡೋಣ ಅಂತ ಒಂದು ಕ್ವಾರ್ಟರ್ ವಿಸ್ಕಿಯನ್ನು ಇಪ್ಪತ್ತು ನಿಮಿಷದಲ್ಲಿ ಸೋಡಾ ಬೆರೆಸಿ ಖಾಲಿ ಮಾಡಿದ. "ನನಗೇನೂ ಏರಿಲ್ಲ ಕಣಣ್ಣಾ" ಅಂತ ಇನ್ನೊಂದಕ್ಕೆ ಕೈ ಹಾಕಿದಾಗ ನಮ್ಮ ಭಾವ ಬಾಟಲಿ ಕಿತ್ತಿಟ್ಟರು. ಅದು ಎಷ್ಟು ಒಳ್ಳೆಯದಾಯಿತು ಅಂತ ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಯಿತು. ಎದ್ದು ನಿಲ್ಲಲು ಹೋದವನು ತೆಂಗಿನ ಬುಡಕ್ಕೆ ಒರಗಿ ಕುಸಿದ. ಮಾತು ತೊದಲಿತು, ಆಮೇಲೆ ನಿಂತೇ ಹೋಯಿತು. ಅಂಗಾತ ಮಲಗಿದ್ದಂತೆಯೇ ವಾಂತಿ ಬಂತು.

"ಏರಿಲ್ಲ" ಅಂತ ಅವನು ಹೇಳಿದ್ದು ಸುಳ್ಳಲ್ಲ. ಕುಡಿದದ್ದು ಪೂರ್ತಿ ರಕ್ತ ಸೇರಲು ಹೊತ್ತು ಬೇಕು. ಖಾಲಿ ಹೊಟ್ಟೆಯಲ್ಲೂ ಅದು ತುದಿ ಮುಟ್ಟಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಬಾಟಲಿ ಕೆಳಗಿಟ್ಟ ಮೇಲೂ ಒಳಗೆ ಏರುತ್ತಲೇ ಇರುತ್ತದೆ. ಏರಿಲ್ಲ ಅಂತ ಎರಡನೆಯದು ಹಾಕುವವರೆಲ್ಲ ಮೋಸ ಹೋಗುವುದು ಈ ನಡುವಿನ ಹೊತ್ತಿನಲ್ಲೇ.

ಹೊಟ್ಟೆಯಲ್ಲಿ ಅನ್ನ ಇದ್ದರೆ ಏನು ವ್ಯತ್ಯಾಸ? ಜಠರ ಮದ್ಯವನ್ನು ಸ್ವಲ್ಪ ಮಾತ್ರ ಹೀರಿಕೊಳ್ಳುತ್ತದೆ. ಬಹುಪಾಲು ರಕ್ತ ಸೇರುವುದು ಅದರ ಮುಂದಿನ ಸಣ್ಣ ಕರುಳಿನಲ್ಲಿ. ಇವೆರಡರ ನಡುವೆ ಬಿಗಿಯಾಗುವ, ಸಡಿಲವಾಗುವ ಒಂದು ಸ್ನಾಯುವಿನ ಬಾಗಿಲಿದೆ. ಊಟ ಮಾಡಿದ್ದರೆ ಅರೆಯುವ ಕೆಲಸ ಮುಗಿಯುವವರೆಗೆ ಆ ಬಾಗಿಲು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮದ್ಯವೂ ಊಟದ ಜೊತೆಗೇ ಕಾಯಬೇಕು. ಹಾಗೆ ಕಾಯುವಾಗ ಒಂದಿಷ್ಟು ಜಠರದಲ್ಲೇ ಕರಗಿಯೂ ಹೋಗುತ್ತದೆ. ಹೊಟ್ಟೆ ಖಾಲಿ ಇದ್ದರೆ ತಡೆಯುವುದೇನೂ ಇಲ್ಲ, ನೇರವಾಗಿ ಕರುಳಿಗೆ ಇಳಿಯುತ್ತದೆ. ಉಪ್ಪಿನಕಾಯಿ ನೆಕ್ಕುವುದು, ಒಂದು ಹಿಡಿ ಖಾರಾಬೂಂದಿ ಬಾಯಿಗೆ ಹಾಕುವುದು ಊಟವಲ್ಲ. ಮುದ್ದೆ, ಅನ್ನ, ಮಾಂಸ, ಮೊಟ್ಟೆ ಅಂತ ಹೊಟ್ಟೆಯಲ್ಲಿ ನಿಲ್ಲುವಂಥದ್ದು ಬೇಕು. ಅದೂ ಕುಡಿಯುವ ಮೊದಲೇ ಬೇಕು.

ನಮ್ಮವರು ಮಾಡಲು ಹೋದದ್ದು ಅದರ ಉಲ್ಟಾ. "ನಾಲ್ಕು ತುತ್ತು ತಿನ್ನಿಸಿ, ಇಳಿಯುತ್ತೆ" ಅಂತ ಒಬ್ಬರು ಬಾಯಿಗೆ ಅನ್ನ ತುರುಕಲು ಬಂದರು. ಇನ್ನೊಬ್ಬರು ಕೊಡದಲ್ಲಿ ತಣ್ಣೀರು ತಂದರು. ರಕ್ತಕ್ಕೆ ಸೇರಿದ್ದನ್ನು ಅನ್ನ ವಾಪಸ್ ಎಳೆಯುವುದಿಲ್ಲ. ಅರೆಪ್ರಜ್ಞೆಯಲ್ಲಿ ಇರುವವನ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಹೋಗಬಹುದು. ಭಾವ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ನೆಲದ ಕಡೆ ಬಾಗುವಂತೆ ಮಲಗಿಸಿದರು. ಎರಡನೇ ಸಲ ವಾಂತಿ ಬಂದಾಗ ಅದು ಹೊರಗೆ ಹರಿದುಹೋಯಿತು. ಗಿಲ್ಲಿದರೆ ನರಳುತ್ತಿದ್ದ, ಕಣ್ಣು ಬಿಡುತ್ತಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಇಟ್ಟುಕೊಂಡು ನೋಡಿದರು, ಉಳಿದುಕೊಂಡ. ಉಸಿರಾಟ ನಿಧಾನವಾದರೆ, ಮಧ್ಯೆ ಮಧ್ಯೆ ನಿಂತರೆ, ತುಟಿ ನೀಲಿಯಾದರೆ ಅಥವಾ ಎಷ್ಟು ಅಲುಗಾಡಿಸಿದರೂ ಎಚ್ಚರವಾಗದಿದ್ದರೆ "ಮಲಗಲಿ ಬಿಡಿ" ಅಂತ ಯಾರು ಹೇಳಿದರೂ ಕೇಳಬೇಡಿ.

ಇನ್ನು ವೇಗದ ವಿಷಯ. 180 ಎಂಎಲ್ ವಿಸ್ಕಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ ಇರುತ್ತದೆ. ಇವನಷ್ಟು ತೂಕದವರ ಲಿವರ್ ಗಂಟೆಗೆ ಕರಗಿಸುವುದು 6ರಿಂದ 8 ಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದೂ ಅದನ್ನು ಅವಸರ ಮಾಡಿಸಲಾರವು. ಇಪ್ಪತ್ತು ನಿಮಿಷದಲ್ಲಿ ಕುಡಿದರೆ ಅಷ್ಟೂ ಒಟ್ಟಿಗೆ ರಕ್ತದಲ್ಲಿ ಕೂರುತ್ತದೆ. ಮೂರು ಗಂಟೆ ಎಳೆದು ಕುಡಿದರೆ ಮೊದಲು ಕುಡಿದದ್ದು ಅಷ್ಟರಲ್ಲಿ ಒಂದಿಷ್ಟು ಕರಗಿರುತ್ತದೆ.

ಅದೇ ತೋಟದಲ್ಲಿ ಇವನಷ್ಟೇ ಮೈಕಟ್ಟಿನ ಇನ್ನೊಬ್ಬ ತಮ್ಮ ಇದ್ದ. ಅವನು ಬೆಳಿಗ್ಗೆ ಹೊಟ್ಟೆ ತುಂಬಾ ತಟ್ಟೆ ಇಡ್ಲಿ ತಿಂದು ಬಂದಿದ್ದ. ಅದೇ ಕ್ವಾರ್ಟರನ್ನು ಹನ್ನೆರಡರಿಂದ ಮೂರರವರೆಗೆ ಹೀರುತ್ತಾ ಕೂತಿದ್ದ. ಮಾತು ನೆಟ್ಟಗಿತ್ತು, ನಡಿಗೆ ನೆಟ್ಟಗಿತ್ತು. ಆಸ್ಪತ್ರೆಗೆ ಹಿಂದೆಯೇ ಬರುತ್ತೇನೆ ಅಂತ ಬೈಕ್ ಕೀ ತೆಗೆದ. ಅವನ ಕೈಯಿಂದಲೂ ಕೀ ಕಸಿದುಕೊಂಡೆವು. ಗಾಡಿ ಓಡಿಸಲು ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಇಡ್ಲಿ, ನಿಧಾನ ಎಲ್ಲ ಲೆಕ್ಕ ಹಿಡಿದರೂ ಆ ಹೊತ್ತಿಗೆ ಅವನು ಮಿತಿಯ ಎರಡು ಪಟ್ಟಿಗಿಂತ ಮೇಲೇ ಇದ್ದಿರಬೇಕು. ರಕ್ತದಲ್ಲಿ ಅದು ಇಳಿಯುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಅಂದರೆ ಮೂರು ಗಂಟೆಗೆ ಕೊನೆಯ ಗುಟುಕು ಕುಡಿದವನು ಆ ರಾತ್ರಿ ಬೈಕ್ ಹತ್ತುವ ಹಾಗಿರಲಿಲ್ಲ.