ನಲವತ್ತು ಜನರ ಅಧ್ಯಯನವೋ, ಇಪ್ಪತ್ತು ಸಾವಿರ ಜನರದೋ?

ಒಂದೇ ಔಷಧದ ಮೇಲೆ ಎರಡು ವರದಿಗಳಿವೆ ಎಂದಿಟ್ಟುಕೊಳ್ಳೋಣ. ಎರಡರಲ್ಲೂ ಪಿ-ಮೌಲ್ಯ, ಅಂದರೆ ಔಷಧಕ್ಕೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ, ರೂಢಿಯ ಗೆರೆಯಾದ 0.05ಕ್ಕಿಂತ ಕಡಿಮೆ. ಯಾವುದನ್ನು ನೆಚ್ಚಬೇಕು?

ಮೊದಲನೆಯದರಲ್ಲಿ ಔಷಧ ಪಡೆದ 20 ಜನರಲ್ಲಿ 14 ಮಂದಿ ಗುಣವಾದರು, ಪಡೆಯದ 20ರಲ್ಲಿ 7 ಮಂದಿ. ಪಿ-ಮೌಲ್ಯ ಸುಮಾರು 0.03. "ಗುಣವಾಗುವ ಸಾಧ್ಯತೆ ಇಮ್ಮಡಿ" ಎಂದು ಲೇಖಕರು ಬರೆಯುತ್ತಾರೆ. ಆದರೆ ಆ 14ರಲ್ಲಿ ಒಬ್ಬರು ಗುಣವಾಗದೇ ಹೋಗಿದ್ದರೆ ಪಿ-ಮೌಲ್ಯ 0.06ರ ಹತ್ತಿರಕ್ಕೆ ಏರುತ್ತಿತ್ತು. ಒಬ್ಬ ರೋಗಿಯ ಮೇಲೆ ನಿಂತ ತೀರ್ಮಾನವಿದು! 95% ವಿಶ್ವಾಸ ವ್ಯಾಪ್ತಿಯನ್ನು ನೋಡಿದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ: ಎರಡು ಗುಂಪುಗಳ ವ್ಯತ್ಯಾಸ ಶೇಕಡಾ 6 ಅಂಶವೂ ಇರಬಹುದು, 64 ಅಂಶವೂ ಇರಬಹುದು. ಮಾದರಿ ಚಿಕ್ಕದಿದ್ದಾಗ ಭಾರಿ ವ್ಯತ್ಯಾಸ ಮಾತ್ರ 0.05ರ ಗೆರೆ ದಾಟುತ್ತದೆ. ಹಾಗಾಗಿ ದಾಟಿ ಬಂದ ಅಂಕಿ ನಿಜಕ್ಕಿಂತ ಉಬ್ಬಿರುವುದೇ ಹೆಚ್ಚು.

ಎರಡನೆಯದರಲ್ಲಿ ಗುಂಪಿಗೆ 10,000 ಜನ. 5,200 ಮತ್ತು 5,000 ಮಂದಿ ಗುಣವಾದರು. ಪಿ-ಮೌಲ್ಯ ಸುಮಾರು 0.005, ವ್ಯಾಪ್ತಿ 0.6ರಿಂದ 3.4 ಅಂಶ. ಅಂಕಿ ಭದ್ರವಾಗಿದೆ, ಲಾಭ ಮಾತ್ರ ಕಿರಿದು: ಅಂದಾಜು 50 ಜನರಿಗೆ ಕೊಟ್ಟರೆ ಒಬ್ಬರು ಹೆಚ್ಚುವರಿಯಾಗಿ ಗುಣವಾಗುತ್ತಾರೆ. ಇಲ್ಲಿ ಲೇಖಕರು "ಅತ್ಯಂತ ಪರಿಣಾಮಕಾರಿ" ಎಂದರೆ ಒಪ್ಪಬೇಡಿ. ಕಡಿಮೆ ಪಿ-ಮೌಲ್ಯ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ.

ನನ್ನ ಆಯ್ಕೆ ಎರಡನೆಯದು, ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದ್ದರೆ ಮಾತ್ರ. ಹಂಚಿಕೆಯೇ ಓರೆಯಾಗಿದ್ದರೆ ಮಾದರಿ ಎಷ್ಟೇ ದೊಡ್ಡದಾದರೂ ಆ ದೋಷ ಕರಗುವುದಿಲ್ಲ.