ಸ್ಟೇಜ್ ಡೆಕೊರೇಷನ್ ಚಿತ್ರಕ್ಕೆ ಎಐ, ತ್ರೀಡಿ, ಇಲ್ಲಾ ಛತ್ರದ್ದೇ ಫೋಟೊ?

ನನ್ನ ಓಟು ಛತ್ರದ ಫೋಟೊಗೇ. ಗಿರಾಕಿಗೆ ತೋರಿಸೋ ಸ್ಟೇಜ್ ಚಿತ್ರವನ್ನು ಮೂರು ಥರ ಮಾಡಿ ನೋಡಿದ್ದೇನೆ. ಎಐ ಆ್ಯಪ್‌ಗೆ ವಿವರ ಬರೆದು ತರಿಸಿದ ಚಿತ್ರ ಒಂದು, ದುಡ್ಡು ಕೊಟ್ಟು ಮಾಡಿಸಿದ ತ್ರೀಡಿ ಇನ್ನೊಂದು, ಛತ್ರದಲ್ಲಿ ತೆಗೆದ ಫೋಟೊದ ಮೇಲೆ ನಾನೇ ಹೂವು, ಬಟ್ಟೆ ಕೂರಿಸಿದ್ದು ಮೂರನೆಯದು. ಎಂಟು ಸಾವಿರ ವಾಪಸ್ ಕೊಟ್ಟ ಮೇಲೆ ಈ ತೀರ್ಮಾನಕ್ಕೆ ಬಂದೆ.

ತೀರ್ಥಹಳ್ಳಿ ಕಡೆಯ ಮದುವೆ. ಎಐ ಚಿತ್ರ ನಿಜಕ್ಕೂ ಚೆನ್ನಾಗಿತ್ತು: ಕೆನೆ ಬಣ್ಣದ ಬಟ್ಟೆಯ ನೆರಿಗೆ, ನಡುವೆ ಹೂವಿನ ದೊಡ್ಡ ಕಮಾನು, ಮೇಲಿಂದ ಇಳಿಬಿದ್ದ ಮಲ್ಲಿಗೆ ಸರ, ದೀಪದ ಹೊಂಬೆಳಕು. ಹುಡುಗಿಯ ತಂದೆ ನೋಡಿದ ಕೂಡಲೇ ಒಪ್ಪಿದರು. ಛತ್ರದ ಸ್ಟೇಜ್ 24 ಅಡಿ ಅಗಲ, ಆದರೆ ತಲೆ ಮೇಲಿನ ಬೀಮ್ ಹತ್ತೂವರೆ ಅಡಿಗೇ ಬರುತ್ತೆ. ಕಟ್ಟಿದಾಗ ಕಮಾನು ಬೀಮಿಗೆ ತಾಗಿ ಕುಗ್ಗಿತು, ಮಲ್ಲಿಗೆ ಸರ ಇಳಿಬಿಡೋಕೆ ಜಾಗವೇ ಉಳಿಯಲಿಲ್ಲ. ಹುಡುಗಿಯ ಚಿಕ್ಕಮ್ಮ ಫೋನ್ ಹಿಡಿದು ಸ್ಟೇಜ್ ಮುಂದೆ ನಿಂತು, "ಇದರಲ್ಲಿ ಇಷ್ಟು ಗಿಡ್ಡ ಇರ್ಲಿಲ್ವಲ್ಲ ಅಣ್ಣಾ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಮನೆಗೆ ಬಂದು ಆ ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆದೆ. ಗಂಡು ಹೆಣ್ಣು ಕೂರುವ ಸೋಫಾ 2 ಸೆಂಟಿಮೀಟರ್ ಎತ್ತರ, ಕಮಾನಿನ ತುದಿ 9 ಸೆಂಟಿಮೀಟರ್. ನಮ್ಮ ಸೋಫಾದ ಬೆನ್ನು 4 ಅಡಿ. ಅಂದರೆ ಚಿತ್ರದ ಕಮಾನು 18 ಅಡಿ. ಸೋಫಾ ಮುಂದೆ ಇರುವುದರಿಂದ ಸ್ವಲ್ಪ ದೊಡ್ಡದಾಗಿ ಕಾಣುತ್ತೆ, ಹಾಗಾಗಿ ಹಿಂದಿನ ಕಮಾನು ಅದಕ್ಕಿಂತಲೂ ಎತ್ತರವೇ. ಈಗ ಯಾರು ಯಾವ ಚಿತ್ರ ಕಳಿಸಿದರೂ ನಾನು ಮೊದಲು ನೋಡುವುದು ಸೋಫಾವನ್ನು.

ಹೂವಿನ ಲೆಕ್ಕವೂ ಅಲ್ಲೇ ತಪ್ಪಿತ್ತು. ಚಿತ್ರದಲ್ಲಿ ಸಂದಿಲ್ಲದಂತೆ ಸೇವಂತಿಗೆ ತುಂಬಿದ್ದ ಹಿನ್ನೆಲೆ, ನಮ್ಮಲ್ಲಿ 20 ಅಡಿ ಅಗಲ, 9 ಅಡಿ ಎತ್ತರ, ಒಟ್ಟು 180 ಚದರ ಅಡಿ. ಎರಡು ಇಂಚಿನ ಹೂವಾದರೆ ಒಂದು ಚದರ ಅಡಿಗೆ 36 ಬೇಕು. ಅಲ್ಲಿಗೆ 6,480 ಹೂವು. ನಾನು ರೇಟ್ ಹೇಳಿದ್ದು ಅದರ ಅರ್ಧಕ್ಕೆ. ಉಳಿದ ಜಾಗಕ್ಕೆ ಎಲೆ ತುಂಬಿಸಿದೆ.

ತ್ರೀಡಿಯಲ್ಲಿ ಅಳತೆ ತಪ್ಪುವುದಿಲ್ಲ. ಆದರೆ ಬಟ್ಟೆ ಬಣ್ಣ ಬದಲಿಸಿ ಅಂದರೆ ಎರಡು ದಿನ, ಮತ್ತೆ ದುಡ್ಡು. ನನ್ನ ಬಜೆಟ್ಟಿನ ಮದುವೆಗಳಿಗೆ ಅದು ಹೊಂದಲಿಲ್ಲ.

ಈಗ ನಾನು ಮಾಡುವುದು ಹೀಗೆ. ಛತ್ರಕ್ಕೆ ಹೋಗುವಾಗ ಆರಡಿ ರೀಪು ಒಂದು ಒಯ್ಯುತ್ತೇನೆ. ಅದನ್ನು ಹಿನ್ನೆಲೆ ಬರುವ ಜಾಗದಲ್ಲೇ ನಿಲ್ಲಿಸಿ, ಸ್ಟೇಜಿನ ನಡುವಿಗೆ ನೇರವಾಗಿ ಹಿಂದೆ ಬಂದು, ಫೋನ್ ಓರೆಯಾಗದಂತೆ ಹಿಡಿದು ಫೋಟೊ ತೆಗೆಯುತ್ತೇನೆ. ಲ್ಯಾಪ್‌ಟಾಪಿನಲ್ಲಿ ಆ ರೀಪು 300 ಪಿಕ್ಸೆಲ್ ಬಂತು ಅಂದರೆ ಒಂದು ಅಡಿಗೆ 50 ಪಿಕ್ಸೆಲ್. ಹತ್ತೂವರೆ ಅಡಿಯ ಬೀಮ್ 525ರಲ್ಲಿ ನಿಂತುಬಿಡುತ್ತೆ, ಅದರ ಮೇಲೆ ನಾನು ಏನನ್ನೂ ಇಡುವ ಹಾಗಿಲ್ಲ. ಹಳೆಯ ಮದುವೆಗಳ ನನ್ನದೇ ಫೋಟೊಗಳಿಂದ ಕಮಾನು, ಹೂಗುಚ್ಛ, ನೆರಿಗೆ ಕತ್ತರಿಸಿ ಇದೇ ಅಳತೆಗೆ ಕೂರಿಸುತ್ತೇನೆ. ಎರಡು ಗಂಟೆ ಕೆಲಸ.

ಬೆಳಕಿನ ವಿಷಯದಲ್ಲಿ ಮಾತ್ರ ಚಿತ್ರವನ್ನು ನಂಬುವುದನ್ನೇ ಬಿಟ್ಟಿದ್ದೇನೆ. ಎಐ ಚಿತ್ರದಲ್ಲಿ ಹೊಂಬೆಳಕಿನ ಕೆಳಗೂ ನೇರಳೆ ಬಟ್ಟೆ ನೇರಳೆಯಾಗೇ ಹೊಳೆಯುತ್ತೆ. ನಿಜವಾದ ವಾರ್ಮ್ ಬಲ್ಬಿನಲ್ಲಿ ನೀಲಿ ಅಂಶ ಕಮ್ಮಿ, ಹಾಗಾಗಿ ನೇರಳೆ ಮಂಕಾಗಿ ಕಾಫಿಪುಡಿ ಬಣ್ಣಕ್ಕೆ ತಿರುಗುತ್ತೆ. ಗೋಡೌನಿನಲ್ಲಿ 3000 ಕೆಲ್ವಿನ್ ಲೈಟ್ ಒಂದನ್ನು ಇಟ್ಟುಕೊಂಡಿದ್ದೇನೆ. ಮೊಳದುದ್ದ ಬಟ್ಟೆ, ನಾಲ್ಕು ಹೂವು ಅದರ ಕೆಳಗಿಟ್ಟು ತೆಗೆದ ಫೋಟೊವನ್ನೂ ಗಿರಾಕಿಗೆ ಕಳಿಸುತ್ತೇನೆ. ಬೆಳಿಗ್ಗೆ ಮುಹೂರ್ತವಾದರೆ ಕಿಟಕಿಯ ಬೆಳಕಿಗೆ ಈ ಹೊಂಬಣ್ಣ ಅಷ್ಟಾಗಿ ಕಾಣುವುದೇ ಇಲ್ಲ ಅಂತ ಮೊದಲೇ ಹೇಳುತ್ತೇನೆ. ಅದರ ಚೆಂದ ಇರುವುದು ಸಂಜೆಯ ಆರತಕ್ಷತೆಗೆ.

ಎಐ ಪೂರ್ತಿ ಬಿಟ್ಟಿಲ್ಲ. ಮೊದಲ ಭೇಟಿಯಲ್ಲಿ ಯಾವ ಬಣ್ಣ ಇಷ್ಟ, ಹೂವು ಹೆಚ್ಚಿರಬೇಕಾ ಬಟ್ಟೆ ಹೆಚ್ಚಿರಬೇಕಾ ಅಂತ ತಿಳಿಯೋಕೆ ಅದಕ್ಕಿಂತ ಬೇಗದ ದಾರಿ ಇಲ್ಲ. ನನ್ನ ಫೋನಿನಲ್ಲೇ ತೋರಿಸುತ್ತೇನೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿಲ್ಲ. ಕಳಿಸಿದ್ದು ಒಪ್ಪಂದದ ಹಾಗೆ ಆಗಿಬಿಡುತ್ತೆ.

ಹೋದ ತಿಂಗಳು ಸಾಗರದ ಒಂದು ಮನೆಗೆ ಛತ್ರದ ಫೋಟೊದ ಚಿತ್ರ ಕಳಿಸಿದೆ. ಹುಡುಗನ ತಾಯಿ ಫೋನ್ ಮಾಡಿ, "ಎರಡೂ ಕಡೆ ಕಂಬಕ್ಕೆ ಅಡಿಕೆ ಸಿಂಗಾರ ಬರಲಿ, ತೋಟದ್ದೇ ಕೊಯ್ಸಿ ಕೊಡ್ತೀವಿ" ಅಂದರು. ಹಳೆಯ ಫೋಟೊದಿಂದ ಸಿಂಗಾರ ಕತ್ತರಿಸಿ ಕೂರಿಸಿದೆ, ಹತ್ತು ನಿಮಿಷ ಆಯಿತು. ಮದುವೆಯ ದಿನ ಸೋಫಾ ಮುಂದೆ ನಿಂತು ಚಿತ್ರವನ್ನೂ ಸ್ಟೇಜನ್ನೂ ಹೋಲಿಸಿ ನೋಡಿದ್ದು ನಾನೇ. ಬೀಮಿಗೂ ಕಮಾನಿಗೂ ನಡುವೆ ಬಿಟ್ಟಿದ್ದ ಅರ್ಧ ಅಡಿ ಹಾಗೇ ಇತ್ತು.